ಅರೇಬಿಕಾವೋ ರೋಬಸ್ಟಾವೋ

ಮಾತಾಡುವವರು ಇಬ್ಬರು. ಒಬ್ಬರು ಕಾಫಿ ವಿಸ್ತರಣಾ ಕೆಲಸದಲ್ಲಿ ಬಹುಕಾಲ ಇದ್ದು ನಿವೃತ್ತರಾದವರು. ಇನ್ನೊಬ್ಬರು ಹಾಸನದಲ್ಲಿ ನೌಕರಿಯಲ್ಲಿದ್ದಾರೆ, ಮೂಡಿಗೆರೆ ಕಡೆಯ ಊರಿನಲ್ಲಿ ಪಾಲಿಗೆ ಬಂದ ಐದು ಎಕರೆ ಹಳೆಯ ತೋಟವನ್ನು ಕಿತ್ತು ಹೊಸದಾಗಿ ನೆಡಬೇಕೆಂದಿದ್ದಾರೆ.

— ಸರ್, ಒಂದೇ ಪ್ರಶ್ನೆ. ಅರೇಬಿಕಾ ಒಳ್ಳೆಯದೋ ರೋಬಸ್ಟಾ ಒಳ್ಳೆಯದೋ? ಊರಲ್ಲಿ ಹತ್ತು ಜನರನ್ನು ಕೇಳಿದೆ, ಹತ್ತೂ ಜನ ಅನುಮಾನವಿಲ್ಲದೆ ಉತ್ತರ ಕೊಟ್ಟರು. ಕಷ್ಟವೇನೆಂದರೆ ಅರ್ಧ ಜನ ಅರೇಬಿಕಾ ಅಂದರು, ಅರ್ಧ ಜನ ರೋಬಸ್ಟಾ ಅಂದರು. ಯಾರದು ಸುಳ್ಳು?

— ಯಾರದೂ ಸುಳ್ಳಲ್ಲ. ಅರೇಬಿಕಾ ಅಂದವರನ್ನು ‘ಯಾಕೆ’ ಎಂದು ಕೇಳಿದ್ದರೆ ಮೂಟೆಯ ಬೆಲೆ ಹೇಳುತ್ತಿದ್ದರು. 50 ಕಿಲೋ ಅರೇಬಿಕಾ ಪಾರ್ಚ್‌ಮೆಂಟಿಗೆ ಬಹಳ ವರ್ಷಗಳಿಂದ ರೋಬಸ್ಟಾಗಿಂತ ಹೆಚ್ಚು ದರ ಸಿಗುತ್ತ ಬಂದಿದೆ. ಅವರು ಅಳೆದದ್ದು ಮೂಟೆಯ ಲೆಕ್ಕದಲ್ಲಿ. ರೋಬಸ್ಟಾ ಅಂದವರು ಎಕರೆಯ ಲೆಕ್ಕದಲ್ಲಿ ಅಳೆದರು. ದೇಶದ ಸರಾಸರಿ ತೆಗೆದುಕೊಂಡರೆ ರೋಬಸ್ಟಾದ ಇಳುವರಿ ಅರೇಬಿಕಾದ ಸುಮಾರು ಎರಡು ಪಟ್ಟು, ಅದಕ್ಕೇ ನಮ್ಮ ದೇಶದ ಒಟ್ಟು ಕಾಫಿಯಲ್ಲಿ ಹೆಚ್ಚುಕಮ್ಮಿ ನೂರಕ್ಕೆ 70 ಭಾಗ ರೋಬಸ್ಟಾ. ಎರಡೂ ಮಾತು ನಿಜ. ಯಾರಿಗೆ ಯಾವುದು ಮುಖ್ಯವೋ ಅದನ್ನು ಅಳತೆಗೋಲು ಮಾಡಿಕೊಂಡರು, ಆದರೆ ಆ ಅಳತೆಗೋಲನ್ನು ನಿಮಗೆ ತೋರಿಸಲಿಲ್ಲ. ನಿಮಗೆ ಸಿಕ್ಕಿದ್ದು ಅವರವರ ತೋಟದ ಉತ್ತರ. ‘ಯಾವುದು ಒಳ್ಳೆಯದು’ ಎಂದಷ್ಟೇ ಕೇಳಿದರೆ, ಯಾವುದಕ್ಕೆ ಒಳ್ಳೆಯದು ಎನ್ನುವ ಜಾಗವನ್ನು ಉತ್ತರ ಹೇಳುವವನು ತನ್ನ ಬದುಕಿನಿಂದ ತುಂಬುತ್ತಾನೆ. ನಾನು ಈಗಲೇ ಒಂದು ಹೆಸರು ಹೇಳಿಬಿಟ್ಟರೆ ಹನ್ನೊಂದನೆಯವನಾಗುತ್ತೇನೆ, ಅಷ್ಟೆ.

— ಹಾಗಾದರೆ ನೀವೂ ‘ನಿಮಗೆ ಏನು ಮುಖ್ಯ’ ಎಂದು ನನ್ನನ್ನೇ ತಿರುಗಿ ಕೇಳುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ ಸರ್, ತಿಳಿದವರು ಜಾರಿಕೊಳ್ಳುವ ರೀತಿ ಅದು. ನಾಳೆ ತೋಟ ಕೆಟ್ಟರೆ ‘ನೀನೇ ಹೇಳಿದೆಯಲ್ಲ’ ಅನ್ನಬಹುದು. ನನಗೆ ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ?

— ಜಾರಿಕೊಳ್ಳುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಅದಕ್ಕೇ ನಾನು ಮೊದಲು ನಿಮ್ಮನ್ನು ಕೇಳುವುದಿಲ್ಲ, ನೆಲವನ್ನು ಕೇಳುತ್ತೇನೆ. ನೆಲವೇ ತೀರ್ಮಾನಿಸುವ ವಿಷಯದಲ್ಲಿ ‘ನಿಮ್ಮ ಇಷ್ಟವೇನು’ ಎಂದು ಕೇಳುವುದು ಮರ್ಯಾದೆಯಂತೆ ಕಂಡರೂ ಮೋಸ. ನಿಮ್ಮ ಜಮೀನು 2,200 ಅಡಿಯಲ್ಲಿ ಇದ್ದಿದ್ದರೆ ಒಂದು ಮಾತೂ ಕೇಳದೆ ರೋಬಸ್ಟಾ ಅನ್ನುತ್ತಿದ್ದೆ. ಆ ಸೆಕೆಗೆ ಅರೇಬಿಕಾ ಸೊರಗುತ್ತದೆ, ಎಲೆ ತುಕ್ಕು ಮತ್ತು ಕಾಂಡಕೊರಕ ಎರಡೂ ಹೆಚ್ಚುತ್ತವೆ. ಬಾಬಾಬುಡನ್‌ಗಿರಿಯ ಮೇಲೆ 4,500 ಅಡಿಯಲ್ಲಿ ಇದ್ದಿದ್ದರೆ ಅಷ್ಟೇ ಬೇಗ ಅರೇಬಿಕಾ ಅನ್ನುತ್ತಿದ್ದೆ, ಅಲ್ಲಿನ ಚಳಿ ರೋಬಸ್ಟಾಗೆ ಆಗದು. ಅರೇಬಿಕಾ ಚೆನ್ನಾಗಿ ಬರುವುದು ಸುಮಾರು 3,300 ಅಡಿಯಿಂದ 5,000 ಅಡಿಯವರೆಗೆ, ರೋಬಸ್ಟಾ ಅದಕ್ಕಿಂತ ಕೆಳಗೆ 1,600 ಅಡಿಯವರೆಗೆ. ನಿಮ್ಮದು ಎಷ್ಟು ಎತ್ತರ?

— ಮೊಬೈಲಿನಲ್ಲಿ ನೋಡಿದಾಗ 3,100 ಅಡಿ ತೋರಿಸಿತು. ಮೇಲಿನ ಮೂಲೆ ಇನ್ನೊಂದು ಐವತ್ತು ಅಡಿ ಹೆಚ್ಚಿರಬಹುದು.

— ಗಡಿಯಲ್ಲಿದ್ದೀರಿ. ಅಲ್ಲಿ ಎರಡೂ ಬೆಳೆಯುತ್ತವೆ, ಎರಡಕ್ಕೂ ಸ್ವಲ್ಪ ಸ್ವಲ್ಪ ಕಷ್ಟವಿದೆ. ಮೂಡಿಗೆರೆ, ಸಕಲೇಶಪುರದ ಕಡೆ ಈ ಪ್ರಶ್ನೆ ಇಷ್ಟು ಜೀವಂತವಾಗಿರುವುದು ಇದೇ ಕಾರಣಕ್ಕೆ. ಜಮೀನು ಯಾವ ದಿಕ್ಕಿಗೆ ಇಳಿಜಾರು? ನೆರಳು ಹೇಗಿದೆ?

— ಪೂರ್ವಕ್ಕೆ ಇಳಿಜಾರು. ಹಳೆಯ ಕಾಡುಮರಗಳು ಉಳಿದಿವೆ, ನಡುವೆ ಸಿಲ್ವರ್ ಓಕ್. ಕೆಳಗೆ ಒಂದು ಕೆರೆಯಿದೆ, ನಮ್ಮದೇ.

— ಬಿಸಿಲು ಹೊಡೆಯುವ ಪಡುವಣ ಇಳಿಜಾರಾಗಿದ್ದು ಮರವಿಲ್ಲದೆ ಬೋಳಾಗಿದ್ದರೆ ಅರೇಬಿಕಾ ಬೇಡ ಅನ್ನುತ್ತಿದ್ದೆ. ನೆಲದಲ್ಲಿ ಅಂಥ ಅಡ್ಡಿ ಕಾಣುತ್ತಿಲ್ಲ. ನೆಲ ಎರಡಕ್ಕೂ ಒಪ್ಪಿದೆ. ಈಗ ನಿಮ್ಮನ್ನು ಕೇಳುವ ಹೊತ್ತು ಬಂತು. ನಿಮಗೆ ಮುಖ್ಯವಾದದ್ದು ಏನು?

— ಒಳ್ಳೆಯ ಇಳುವರಿ ಬರಬೇಕು. ಬೆಲೆ ಸಿಗಬೇಕು. ಆಳಿನ ಖರ್ಚು ಕಡಿಮೆಯಾಗಬೇಕು. ರೋಗ ಬರಬಾರದು. ಇನ್ನೇನು ಕೇಳಲಿ?

— ಇದೇ ನೋಡಿ. ಈ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಇದೇ. ತಪ್ಪು ನಿಮ್ಮದಲ್ಲ, ಪ್ರಶ್ನೆಯದು. ಬೇಕಾದದ್ದರ ಪಟ್ಟಿ ಕೇಳಿದರೆ ಮನುಷ್ಯ ಎಲ್ಲವನ್ನೂ ಹೇಳುತ್ತಾನೆ, ಏಕೆಂದರೆ ಹೇಳುವುದಕ್ಕೆ ಖರ್ಚಿಲ್ಲ. ಒಂದು ಸಿಗಬೇಕಾದರೆ ಇನ್ನೊಂದು ಎಷ್ಟು ಬಿಡಬೇಕು ಎನ್ನುವುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ನಾನು ಪ್ರಶ್ನೆಯನ್ನೇ ತಿರುಗಿಸುತ್ತೇನೆ. ಈ ಎರಡು ಗಿಡಗಳು ಕೈಕೊಡುವ ರೀತಿ ಬೇರೆ ಬೇರೆ. ಯಾವ ರೀತಿಯ ನಷ್ಟವನ್ನು ನೀವು ತಡೆದುಕೊಳ್ಳಬಲ್ಲಿರಿ, ಯಾವುದನ್ನು ತಡೆಯಲಾರಿರಿ ಎಂದು ಕೇಳುತ್ತೇನೆ. ಆದರೆ ಹಾಗೆ ಕೇಳುವ ಮೊದಲು ಆ ಎರಡು ನಷ್ಟಗಳು ಹೇಗಿರುತ್ತವೆ ಎಂದು ನಿಮ್ಮ ಮುಂದೆ ಇಡಬೇಕು. ಗೊತ್ತಿಲ್ಲದ್ದನ್ನು ಆರಿಸಿಕೊ ಎನ್ನುವುದು ನ್ಯಾಯವಲ್ಲ. ನೀವು ಆಗ ಹೇಳಿದ ಜಾರಿಕೊಳ್ಳುವ ಬುದ್ಧಿ ಅದೇ.

— ಸರಿ, ಇಡಿ.

— ಅರೇಬಿಕಾದಿಂದ ಶುರುಮಾಡುತ್ತೇನೆ. ಅದರ ದೊಡ್ಡ ಶತ್ರು ಬಿಳಿ ಕಾಂಡಕೊರಕ, ತೋಟದವರ ಬಾಯಲ್ಲಿ ಬರೀ ‘ಬೋರರ್’. ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ: ಮುಂಗಾರಿಗೆ ಮುಂಚೆ ಏಪ್ರಿಲ್-ಮೇ ತಿಂಗಳಲ್ಲಿ, ಮಳೆ ಕಳೆದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಬಿಸಿಲು ಬೀಳುವ ಕಾಂಡ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹತ್ತು ದಿನದ ಆಚೀಚೆ ಮರಿ ಹೊರಬಂದು ಮೊದಲು ತೊಗಟೆಯ ಕೆಳಗೆ ತಿನ್ನುತ್ತದೆ, ಆಮೇಲೆ ಕಾಂಡದೊಳಕ್ಕೆ ಇಳಿಯುತ್ತದೆ. ಅಲ್ಲಿ ತಿಂಗಳುಗಟ್ಟಲೆ ಕುಳಿತು ಸುರಂಗ ಕೊರೆಯುತ್ತದೆ, ತನ್ನ ಹಿಕ್ಕೆಯಿಂದಲೇ ಹಿಂದಿನ ದಾರಿ ಮುಚ್ಚಿಕೊಳ್ಳುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿಗೆ ತಿರುಗಿದ ಎಲೆ, ಬಾಡು. ಅಷ್ಟು ಕಾಣುವ ಹೊತ್ತಿಗೆ ಔಷಧಿಯ ಕಾಲ ಮುಗಿದಿರುತ್ತದೆ. ಹುಳು ಒಳಗಿದೆ, ಸಿಂಪಡಿಸಿದ್ದು ಹೊರಗೆ ಹರಿಯುತ್ತದೆ. ಆಮೇಲೆ ಇರುವುದು ಒಂದೇ ದಾರಿ, ಮುಂದಿನ ಹಾರಾಟಕ್ಕೆ ಮೊದಲು ಅಂಥ ಗಿಡಗಳನ್ನು ಗುರುತಿಸಿ ಕಿತ್ತು ಸುಡುವುದು. ಎಳೆ ಗಿಡವಾದರೆ ಒಂದು ವರ್ಷದಲ್ಲಿ ಸಾಯುತ್ತದೆ, ಹಳೆಯದು ಕೆಲವು ಫಸಲಿನವರೆಗೆ ಕಡಿಮೆ ಹಣ್ಣು ಕೊಡುತ್ತ ಎಳೆಯುತ್ತದೆ, ಅಷ್ಟರಲ್ಲಿ ಪಕ್ಕದ ಗಿಡಗಳಿಗೆ ದುಂಬಿ ಸಾಕಿ ಕೊಡುತ್ತದೆ.

— ಅದಕ್ಕೆ ಒಗ್ಗುವ ತಳಿ ಬಂದಿಲ್ಲವೇ? ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಚಂದ್ರಗಿರಿ ಅಂತ ಬಂದಿದೆಯಲ್ಲ?

— ಚಂದ್ರಗಿರಿ 2007ರಲ್ಲಿ ಬಂತು. ಕುಳ್ಳ ಗಿಡ, ಎಲೆ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ತುಕ್ಕು ಬೇರೆ, ಬೋರರ್ ಬೇರೆ. ತುಕ್ಕಿಗೆ ಬೋರ್ಡೋ ದ್ರಾವಣವಿದೆ, ತಳಿಯಿದೆ, ಹೇಗೋ ಸಂಭಾಳಿಸಬಹುದು. ಬೋರರ್ ಮಾತ್ರ ನಿಮ್ಮ ಕೈಗೆ ಸಿಗುವ ಅರೇಬಿಕಾ ತಳಿಗಳಲ್ಲಿ ಯಾವುದನ್ನೂ ಪೂರ್ತಿ ಬಿಡುವುದಿಲ್ಲ. ನೆರಳು ಕಾಯುವುದು, ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಹಾರಾಟದ ಕಾಲದಲ್ಲಿ ಕಾಂಡಕ್ಕೆ ಸುಣ್ಣ ಹೊಡೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಸಾಲು ಸಾಲು ನಡೆದು ಗಿಡ ನೋಡುವುದು. ರೋಬಸ್ಟಾದಲ್ಲಿ ಈ ಹುಳುವಿನ ಕಾಟವೇ ಇಲ್ಲವೆನ್ನಬಹುದು, ಅದರ ಕಾಂಡದೊಳಗೆ ಮರಿ ಬದುಕಿ ದೊಡ್ಡದಾಗುವುದು ಅಪರೂಪ. ಈಗ ಅಂಕಿ ನೋಡಿ. ಎತ್ತರದ ಅರೇಬಿಕಾ ತಳಿಯನ್ನು ಆರು ಅಡಿಗೆ ಆರು ಅಡಿ ನೆಟ್ಟರೆ ಎಕರೆಗೆ 1,210 ಗಿಡ, ಐದು ಎಕರೆಗೆ ಆರು ಸಾವಿರದ ಮೇಲೆ. ಒಂದು ವರ್ಷ ನೂರಕ್ಕೆ ಐದು ಗಿಡ ಕೀಳಬೇಕಾಯಿತು ಎಂದುಕೊಳ್ಳಿ. 300 ಗಿಡ. ಆ ವರ್ಷದ ಹಣದಲ್ಲಿ ಅದು ದೊಡ್ಡ ಹೊಡೆತವಲ್ಲ. ಆದರೆ ಆ 300 ಜಾಗದಲ್ಲಿ ಮತ್ತೆ ಫಸಲು ಬರಲು ನಾಲ್ಕು ವರ್ಷ ಬೇಕು. ನೋಡುವವರಿಲ್ಲದೆ ಎರಡು ಹಾರಾಟದ ಕಾಲ ತಪ್ಪಿದರೆ ಮುಂದಿನ ವರ್ಷದ ಐದು ಹತ್ತಾಗಬಹುದು, ಹದಿನೈದಾಗಬಹುದು. ಅರೇಬಿಕಾ ಕೈಕೊಡುವುದು ಹೀಗೆ, ನಿಧಾನವಾಗಿ ಮತ್ತು ತಿರುಗಿ ಬಾರದಂತೆ, ಅದೂ ಕಣ್ಣು ತಪ್ಪಿದವನಿಗೆ ಹೆಚ್ಚು.

— ರೋಬಸ್ಟಾ?

— ರೋಬಸ್ಟಾದ ನಷ್ಟ ಇದಕ್ಕೆ ತದ್ವಿರುದ್ಧ. ಗಿಡ ಗಟ್ಟಿ, ಸಾಯುವುದಿಲ್ಲ. ಹೋದರೆ ಆ ವರ್ಷದ ಫಸಲು ಇಡಿಯಾಗಿ ಹೋಗುತ್ತದೆ. ಅದರ ಮೊಗ್ಗು ಜನವರಿ-ಫೆಬ್ರವರಿಗೆ ಸಿದ್ಧವಾಗಿ ಹೂಮಳೆಗೆ ಕಾಯುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಒಂದು ಇಂಚಿಗೆ ಕಡಿಮೆಯಿಲ್ಲದ ಮಳೆ ಒಟ್ಟಿಗೆ ಬೀಳಬೇಕು. ಬಿದ್ದರೆ ಏಳೆಂಟು ದಿನಕ್ಕೆ ತೋಟ ಪೂರ್ತಿ ಬಿಳಿಯಾಗುತ್ತದೆ. ಅರ್ಧ ಇಂಚು ಬಿದ್ದು ನಿಂತರೆ ಅದು ಬೀಳದಿರುವುದಕ್ಕಿಂತ ಕೆಟ್ಟದ್ದು, ಮೊಗ್ಗು ಎಚ್ಚರಗೊಂಡು ಪೂರ್ತಿ ಅರಳಲಾರದೆ ಕೆಡುತ್ತದೆ. ಇನ್ನೊಂದು ಸಂಗತಿ, ಅರೇಬಿಕಾದ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೋಬಸ್ಟಾದ್ದು ಕಟ್ಟಲಾರದು. ಅದಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿ ಬೇಕು, ಜೇನು ಬೇಕು. ಹಾಗಾಗಿ ಹೂವು ಅರಳಿದ ದಿನವೇ ಮಳೆ ಸುರಿದರೆ ರೋಬಸ್ಟಾಗೆ ಪೆಟ್ಟು ಹೆಚ್ಚು. ಹೂವಾದ ಹದಿನೈದಿಪ್ಪತ್ತು ದಿನಕ್ಕೆ ಇನ್ನೊಂದು ಮಳೆ, ಬ್ಯಾಕಿಂಗ್ ಅನ್ನುತ್ತಾರಲ್ಲ, ಅದು ಬರದಿದ್ದರೆ ಕಟ್ಟಿದ ಪುಟ್ಟ ಕಾಯಿ ಉದುರುತ್ತದೆ. ಅರೇಬಿಕಾಗೂ ಹೂಮಳೆ ಬೇಕು, ಆದರೆ ಅದಕ್ಕೆ ಏಪ್ರಿಲ್‌ವರೆಗೆ ಕಾಯುವ ತಾಳ್ಮೆಯಿದೆ, ಏಪ್ರಿಲ್ಲಿನಲ್ಲಿ ನಮ್ಮ ಕಡೆ ಮಳೆ ಬರುವ ಸಾಧ್ಯತೆಯೂ ಹೆಚ್ಚು.

— ಅದಕ್ಕೇ ಎಲ್ಲರೂ ಸ್ಪ್ರಿಂಕ್ಲರ್ ಹಾಕುತ್ತಾರೆ. ನಮ್ಮಲ್ಲಿ ಕೆರೆ ಇದೆಯಲ್ಲ.

— ಕೆರೆ ಇದೆ ಎನ್ನುವುದು ಒಂದು ಮಾತು, ಫೆಬ್ರವರಿ ಕೊನೆಯಲ್ಲಿ ಅದರಲ್ಲಿ ಎಷ್ಟು ನೀರಿದೆ ಎನ್ನುವುದು ಬೇರೆ ಮಾತು. ಅಳತೆ ಗೊತ್ತೇ?

— ಅಂದಾಜು 80 ಅಡಿಗೆ 60 ಅಡಿ. ತುಂಬಿದಾಗ ಎಂಟು ಅಡಿ ನೀರು. ಬೇಸಿಗೆಯ ಮೊದಲಿಗೆ ಐದಕ್ಕೆ ಇಳಿದಿರುತ್ತದೆ.

— ಲೆಕ್ಕ ಹಾಕೋಣ. ಒಂದು ಎಕರೆಯ ಮೇಲೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು. ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗಿಗೆ ಒಂದು ಇಂಚು. ಅಂದರೆ ಎಕರೆಗೆ ಎರಡೂವರೆ ಲಕ್ಷ, ಐದು ಎಕರೆಗೆ 13 ಲಕ್ಷ ಲೀಟರಿನ ಹತ್ತಿರ. ನಿಮ್ಮ ಕೆರೆಯ ಐದು ಅಡಿಯಲ್ಲಿ ಕೆಳಗಿನ ಒಂದು ಅಡಿ ಕೆಸರು, ಪಂಪು ಎತ್ತುವುದಿಲ್ಲ. ಉಳಿದ ನಾಲ್ಕು ಅಡಿಗೆ 80ರಿಂದ 60 ಗುಣಿಸಿದರೆ 19,200 ಘನ ಅಡಿ, ಲೀಟರಿನಲ್ಲಿ ಸುಮಾರು ಐದೂವರೆ ಲಕ್ಷ. ಎರಡೂ ಸಲ ನೀರು ಕೊಡುವುದಾದರೆ ಎರಡು ಎಕರೆಗೆ ಸಾಕು. ಬ್ಯಾಕಿಂಗನ್ನು ಮಳೆಗೆ ಬಿಟ್ಟು ಹೂವಿಗೆ ಮಾತ್ರ ಕೊಡುತ್ತೇನೆ ಎಂದರೆ ಮೂರೂವರೆ ಎಕರೆ. ಕೆರೆ ಇದೆ ಎಂದು ಧೈರ್ಯವಾಗಿ ಐದು ಎಕರೆಗೂ ರೋಬಸ್ಟಾ ಹಾಕಿದರೆ, ಮಳೆ ತಪ್ಪಿದ ವರ್ಷ ಒಂದೂವರೆ ಎಕರೆ ಬಾಯಿಬಿಟ್ಟುಕೊಂಡು ನಿಂತಿರುತ್ತದೆ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹಂಚಿದಿರೋ, ಆಗಲೇ ಹೇಳಿದ ಅರ್ಧ ಇಂಚಿನ ಗತಿ ಐದೂ ಎಕರೆಗೆ.

— ಈಗ ಕೇಳಿ ನಿಮ್ಮ ಪ್ರಶ್ನೆ.

— ಕೇಳುತ್ತೇನೆ. ಒಂದು ವರ್ಷದ ಫಸಲು ಪೂರ್ತಿ ಇಲ್ಲದಿದ್ದರೆ ನಿಮಗೆ ಏನಾಗುತ್ತದೆ? ವರ್ಷಕ್ಕೆ ಎರಡು ಸಲ, ಪ್ರತಿಸಲ ಎರಡು ಮೂರು ತಿಂಗಳು, ವಾರ ತಪ್ಪದೆ ತೋಟದ ಸಾಲುಗಳಲ್ಲಿ ನಡೆಯಬೇಕು ಎಂದರೆ ಅದು ನಿಮ್ಮಿಂದ ಆಗುತ್ತದೆಯೇ? ಎರಡರಲ್ಲಿ ಯಾವುದು ಆಗದ ಮಾತು?

— ಎರಡನೆಯದು ಆಗುವುದಿಲ್ಲ. ನೌಕರಿ ಇನ್ನೂ ಹನ್ನೆರಡು ವರ್ಷ ಇದೆ. ತಿಂಗಳಲ್ಲಿ ಎರಡು ಭಾನುವಾರ ಬಂದರೆ ಹೆಚ್ಚು. ಅಮ್ಮ ಊರಲ್ಲೇ ಇದ್ದಾರೆ, ಆದರೆ ಇಳಿಜಾರು ಹತ್ತಿ ಇಳಿಯುವ ವಯಸ್ಸಲ್ಲ. ಮೇಸ್ತ್ರಿ ಒಬ್ಬರಿದ್ದಾರೆ, ನಂಬಿಗಸ್ತರು, ನಾಲ್ಕು ತೋಟ ನೋಡಿಕೊಳ್ಳುತ್ತಾರೆ.

— ನಾಲ್ಕು ತೋಟ ನೋಡಿಕೊಳ್ಳುವವರು ಕೊಯ್ಲು ಮಾಡಿಸುತ್ತಾರೆ, ಮರಗಸಿ ಮಾಡಿಸುತ್ತಾರೆ, ಗೊಬ್ಬರ ಹಾಕಿಸುತ್ತಾರೆ. ಕಾಂಡದ ಗೆರೆ ನೋಡುವ ಕೆಲಸ ಅವರ ಕೈಯಲ್ಲಿ ಮುಂದಿನ ವಾರಕ್ಕೆ ಹೋಗುತ್ತಲೇ ಇರುತ್ತದೆ. ಅದರ ಜೊತೆಗೆ ಕೊಯ್ಲಿನ ಮಾತೂ ಇದೆ. ಅರೇಬಿಕಾ ಹಣ್ಣು ಮಾಗಿದ ಮೇಲೆ ಗಿಡದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಉದುರುತ್ತದೆ. ನವೆಂಬರಿನಿಂದ ಜನವರಿಯೊಳಗೆ ಮೂರು ನಾಲ್ಕು ಸುತ್ತು ಕೊಯ್ಯಬೇಕು, ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕು. ಆಳು ಒಂದು ವಾರ ತಡವಾಗಿ ಬಂದರೆ ನಿಮ್ಮ ಹಣ ನೆಲದ ಮೇಲಿರುತ್ತದೆ. ರೋಬಸ್ಟಾ ಹಣ್ಣು ಗಿಡದಲ್ಲೇ ಕಾಯುತ್ತದೆ. ಒಂದೆರಡು ಸುತ್ತಿನಲ್ಲಿ ಕೊಯ್ದು, ನೇರ ಕಣಕ್ಕೆ ಹಾಕಿ ಚೆರ್ರಿಯಾಗಿ ಒಣಗಿಸಬಹುದು. ಅಂದರೆ ಊರಲ್ಲಿ ಇಲ್ಲದವನಿಗೆ ಅರೇಬಿಕಾ ಎರಡೆರಡು ಕಡೆ ಹೊಡೆಯುತ್ತದೆ.

— ಹಾಗಾದರೆ ರೋಬಸ್ಟಾ. ಮುಗಿಯಿತಲ್ಲ. ಇಷ್ಟು ಸುತ್ತುವ ಬದಲು ‘ಊರಲ್ಲಿ ಇರುತ್ತೀಯಾ’ ಎಂದು ಒಂದೇ ಮಾತು ಕೇಳಬಹುದಿತ್ತು.

— ಅವಸರದವರಿಗೆ ನಾನೂ ಅಷ್ಟೇ ಹೇಳುತ್ತೇನೆ: ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರಿನಲ್ಲಿ ತೋಟದಲ್ಲಿ ಇರಲಾಗದಿದ್ದರೆ ರೋಬಸ್ಟಾ, ಮಾರ್ಚಿಗೆ ನೀರಿಲ್ಲದಿದ್ದರೆ ಅರೇಬಿಕಾ. ಎರಡು ಸಾಲು. ಷರತ್ತು ಸೇರಿಸಿ ಹೇಳಿದ ಉತ್ತರವಾದ್ದರಿಂದ ಕೇಳಿದವನು ತನ್ನ ಸ್ಥಿತಿ ನೋಡಿಕೊಂಡು ಆರಿಸಿಕೊಳ್ಳಬಹುದು. ನಿಮ್ಮ ವಿಷಯದಲ್ಲಿ ಅದು ಸಾಲದು, ಏಕೆಂದರೆ ನೀವು ಮೊದಲನೆಯ ಪ್ರಶ್ನೆಗೆ ಉತ್ತರವೇ ಕೊಡಲಿಲ್ಲ. ಒಂದು ವರ್ಷ ಫಸಲು ಇಲ್ಲದಿದ್ದರೆ?

— ಅದೂ ಕಷ್ಟವೇ. ಹೊಸದಾಗಿ ನೆಡಲು ಬ್ಯಾಂಕಿನಲ್ಲಿ ಸಾಲ ತೆಗೆಯುತ್ತಿದ್ದೇನೆ. ಫಸಲು ಶುರುವಾದ ಮೇಲೆ ವರ್ಷ ವರ್ಷ ಕಂತು ಕಟ್ಟಬೇಕು. ಸಂಬಳದಲ್ಲಿ ಒಂದು ಕಂತು ಎಳೆಯಬಹುದು, ಎರಡು ವರ್ಷ ಸತತವಾಗಿ ಆಗುವುದಿಲ್ಲ.

— ನೋಡಿ, ಸಾಲದ ಮಾತು ಈಗ ಹೊರಬಂತು. ನಿಮ್ಮ ಮೊದಲ ಪಟ್ಟಿಯಲ್ಲಿ ಅದು ಇರಲಿಲ್ಲ. ಬಚ್ಚಿಟ್ಟದ್ದಲ್ಲ, ಅದು ಕಾಫಿಯ ವಿಷಯ ಎಂದು ನಿಮಗೆ ಅನಿಸಿರಲಿಲ್ಲ. ಮುಖ್ಯವಾದದ್ದು ಹೆಚ್ಚಾಗಿ ಹೀಗೆಯೇ ಬೇರೆ ಖಾತೆಯಲ್ಲಿ ಕುಳಿತಿರುತ್ತದೆ. ಈಗ ನಿಮ್ಮ ನಿಜವಾದ ಪ್ರಶ್ನೆ ರೂಪಕ್ಕೆ ಬಂದಿದೆ. ನಿಮ್ಮಲ್ಲಿ ಸಮಯವಿಲ್ಲ, ಸತತ ಎರಡು ಕೆಟ್ಟ ವರ್ಷ ತಡೆಯುವ ಶಕ್ತಿಯೂ ಇಲ್ಲ. ಮೊದಲನೆಯದು ಅರೇಬಿಕಾಗೆ ವಿರುದ್ಧ, ಎರಡನೆಯದು ನೀರಿಲ್ಲದ ರೋಬಸ್ಟಾಗೆ ವಿರುದ್ಧ. ಈ ಎರಡು ಕೊರತೆಗಳಲ್ಲಿ ಹಣ ಕೊಟ್ಟು ತುಂಬಬಹುದಾದದ್ದು ಯಾವುದು? ನೀರು. ಕೆರೆಯ ಹೂಳು ತೆಗೆಸಿ ಇನ್ನೊಂದು ಮೂರು ಅಡಿ ಆಳ ಮಾಡಿಸಿ ಊಟೆ ನೀರು ನಿಲ್ಲಿಸುವುದು ಲೆಕ್ಕಕ್ಕೆ ಸಿಗುವ ಖರ್ಚು. ನಿಮ್ಮ ಕಣ್ಣಿಗೆ ಬದಲಿ ಕಣ್ಣು ಸಂಬಳಕ್ಕೆ ಸಿಗುವುದು ಅನುಮಾನ. ಅದಕ್ಕೇ ನಾನು ರೋಬಸ್ಟಾ ಕಡೆ ವಾಲುತ್ತೇನೆ, ಕೆರೆ ಮೊದಲು ಎನ್ನುವ ಷರತ್ತಿನ ಮೇಲೆ. ‘ರೋಬಸ್ಟಾ ಒಳ್ಳೆಯದು’ ಎಂಬ ಮಾತಿಗೂ ಇದಕ್ಕೂ ಇರುವ ಅಂತರ ಕೆರೆಯ ಖರ್ಚಿನಷ್ಟು ದೊಡ್ಡದು.

— ಆದರೆ ನೀವು ರೋಬಸ್ಟಾ ಬೆಲೆ ಏರಿದ ಮಾತೇ ಎತ್ತಲಿಲ್ಲ. ನಮ್ಮ ಭಾವ ರೋಬಸ್ಟಾ ಅನ್ನುವುದು ಅದಕ್ಕಾಗಿಯೇ. ಕೊನೆಗೆ ಎಲ್ಲ ಹಣಕ್ಕೇ ಅಲ್ಲವೇ? ಹಣವನ್ನೇ ಅಳತೆಗೋಲು ಮಾಡಿದರೆ ಈ ‘ನಿಮಗೆ ಏನು ಮುಖ್ಯ’ ಎನ್ನುವುದೇ ಬೇಡ.

— 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ದರ ಕಂಡಿತು, ವಿಯೆಟ್ನಾಂನ ಬರ ಅದಕ್ಕೆ ಒಂದು ದೊಡ್ಡ ಕಾರಣ. ಭಾವ ಹೇಳುವುದು ಸುಳ್ಳಲ್ಲ. ಆದರೆ ನೀವು ಈಗ ನೆಟ್ಟ ಗಿಡ ಮೊದಲ ಫಸಲು ಕೊಡುವುದು ಮೂರು ನಾಲ್ಕು ವರ್ಷದ ಮೇಲೆ, ಪೂರ್ತಿ ಫಸಲಿಗೆ ಇನ್ನೂ ಕೆಲವು ವರ್ಷ. ಹಿಂದೆ ಒಂದು ಸಲ ಹೀಗೇ ಆಗಿತ್ತು. 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಡಿದು ಕಾಫಿ ದರ ಜಿಗಿಯಿತು. ಆ ದರ ನೋಡಿ ನೆಟ್ಟವನ ಗಿಡ ತುಂಬಿ ಬರುವ ಹೊತ್ತಿಗೆ 2000 ದಾಟಿತ್ತು, ವಿಯೆಟ್ನಾಂನ ಹೊಸ ಕಾಫಿ ಮಾರುಕಟ್ಟೆ ತುಂಬಿ ಜಗತ್ತಿನ ದರ ದಶಕಗಳ ತಳಕ್ಕೆ ಬಿದ್ದಿತ್ತು. ಬೆಲೆ ಮುಖ್ಯವಲ್ಲ ಅನ್ನುತ್ತಿಲ್ಲ. ಮೂವತ್ತು ನಲವತ್ತು ವರ್ಷ ನಿಲ್ಲುವ ಗಿಡವನ್ನು ಆರಿಸಲು ನೆಡುವ ವರ್ಷದ ಬೆಲೆ ಏನನ್ನೂ ಹೇಳುವುದಿಲ್ಲ. ಹಣವೇ ಅಳತೆಗೋಲು ಎಂದರೂ ಯಾವ ಹಣ? ಹತ್ತು ವರ್ಷದ ಒಟ್ಟು ಹಣವೋ, ಅತಿ ಕೆಟ್ಟ ವರ್ಷದಲ್ಲಿ ಕೈಯಲ್ಲಿರುವ ಹಣವೋ? ನಿಮ್ಮ ಭಾವನಿಗೆ ಸಾಲವಿಲ್ಲದಿದ್ದರೆ ಅವರು ಮೊದಲನೆಯದನ್ನು ನೋಡಬಹುದು. ಕಂತು ಕಟ್ಟುವವರು ಎರಡನೆಯದನ್ನು ನೋಡಲೇಬೇಕು. ಪ್ರಶ್ನೆ ಹಣದೊಳಗೂ ಮತ್ತೆ ಹುಟ್ಟುತ್ತದೆ.

— ಇನ್ನೊಂದು ಯೋಚನೆ ಇದೆ. ಕೆಳಗೆ ಕೆರೆಯ ಹತ್ತಿರ ರೋಬಸ್ಟಾ, ಮೇಲಿನ ಎರಡು ಎಕರೆಗೆ ಅರೇಬಿಕಾ. ಒಂದು ಹೋದರೆ ಇನ್ನೊಂದು ಇರುತ್ತದೆ. ಈ ತಲೆನೋವೇ ಇಲ್ಲ.

— ಎರಡನ್ನೂ ಹಾಕಿದರೆ ಜಾಣತನ ಎನ್ನುವ ಭಾವನೆ ಬರುತ್ತದೆ. ಅದರಲ್ಲಿ ಒಂದು ನಿಜವಾದ ಲಾಭವೂ ಇದೆ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೋಬಸ್ಟಾ ಶುರುವಾಗುತ್ತದೆ, ಕರೆತಂದ ಆಳುಗಳಿಗೆ ಮಾರ್ಚ್‌ವರೆಗೆ ಕೆಲಸವಿರುತ್ತದೆ. ಐವತ್ತು ಎಕರೆಯವರಿಗೆ ಅದು ದೊಡ್ಡ ಅನುಕೂಲ. ಐದು ಎಕರೆಯಲ್ಲಿ ಲೆಕ್ಕ ಬೇರೆ. ಎರಡು ಎಕರೆ ಅರೇಬಿಕಾಗೂ ಪಲ್ಪರ್ ಬೇಕು, ತೊಳೆಯುವ ತೊಟ್ಟಿ ಬೇಕು, ಇಲ್ಲವೇ ಹಣ್ಣನ್ನು ಅದೇ ದಿನ ಮಾರಬೇಕು. ಬೋರರ್ ನೋಡಲು ಎರಡು ಎಕರೆಯೆಂದು ರಿಯಾಯಿತಿ ಇಲ್ಲ, ನಡೆಯಬೇಕಾದ ವಾರಗಳು ಅಷ್ಟೇ. ನಿಮ್ಮಲ್ಲಿ ಇಲ್ಲದ್ದು ಸಮಯ. ಬೆರೆಸಿ ನೆಟ್ಟರೆ ಆ ಕೊರತೆ ಹಾಗೇ ಉಳಿಯುತ್ತದೆ. ಕೆಲವರಿಗೆ ಬೆರೆಸಿ ನೆಡುವುದೇ ಸರಿಯಾದ ಉತ್ತರ, ಆದರೆ ಅದೂ ಅವರ ಕೊರತೆ ಯಾವುದು ಎಂದು ಗೊತ್ತಾದ ಮೇಲೆ. ಆರಿಸುವ ಕಷ್ಟ ತಪ್ಪಿಸಿಕೊಳ್ಳಲು ಎರಡನ್ನೂ ಹಾಕಿದವರ ತೋಟದಲ್ಲಿ ಎರಡೂ ಅರ್ಧಂಬರ್ಧ ಇರುವುದನ್ನು ನಮ್ಮ ಕಡೆ ಯಾರು ಬೇಕಾದರೂ ನೋಡಬಹುದು.

— ಕೊನೆಯ ಮಾತು ಸರ್. ನೀವು ಇಷ್ಟೆಲ್ಲ ಇವತ್ತಿನ ನನ್ನ ಸ್ಥಿತಿ ನೋಡಿ ಹೇಳಿದಿರಿ. ಹನ್ನೆರಡು ವರ್ಷಕ್ಕೆ ನಿವೃತ್ತನಾಗಿ ಊರಿಗೆ ಬರುತ್ತೇನೆ. ಅಷ್ಟು ಹೊತ್ತಿಗೆ ಸಾಲ ತೀರಿರುತ್ತದೆ, ಸಮಯ ಬೇಕಾದಷ್ಟು ಇರುತ್ತದೆ. ಆಗ ಮುಖ್ಯವಾಗುವುದೇ ಬೇರೆ. ನಾನೇ ಹುರಿದು ಪುಡಿ ಮಾಡಿ ಬೆಂಗಳೂರಿಗೆ ಕಳಿಸಬಹುದು. ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚಕ ಬೇರೆ ಸಿಕ್ಕಿದೆ. ಗಿಡ ಅಲ್ಲೇ ಇರುತ್ತದೆ, ಕೇಳುವವನು ಬದಲಾಗಿರುತ್ತಾನೆ. ಇದಕ್ಕೆ ಏನು ಹೇಳುತ್ತೀರಿ?

— ಇದು ಗಟ್ಟಿಯಾದ ಆಕ್ಷೇಪ, ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಒಂದು ಮಾತು ಹೇಳಬಲ್ಲೆ. ಹನ್ನೆರಡು ವರ್ಷದ ನಂತರದ ನಿಮಗೆ ಎರಡರಲ್ಲಿ ಯಾವ ತೋಟ ಕೈಗೆ ಸಿಗುತ್ತದೆ ನೋಡಿ. ಈಗ ಅರೇಬಿಕಾ ನೆಟ್ಟು ಯಾರೂ ನೋಡದೆ ಹನ್ನೆರಡು ವರ್ಷ ಬಿಟ್ಟರೆ, ನೀವು ಬರುವ ಹೊತ್ತಿಗೆ ಸಾಲುಗಳಲ್ಲಿ ಬಾಯಿಬಿಟ್ಟ ಜಾಗಗಳೇ ಹೆಚ್ಚು. ರೋಬಸ್ಟಾ ನೆಟ್ಟರೆ ಗಿಡ ಇರುತ್ತದೆ, ಸಾಲ ತೀರಿರುತ್ತದೆ, ಕೆರೆ ದೊಡ್ಡದಾಗಿರುತ್ತದೆ. ಆಗ ಮೇಲಿನ ಒಂದು ಎಕರೆ ಕಿತ್ತು ಅರೇಬಿಕಾ ನೆಟ್ಟು ದಿನಾ ನಡೆದು ನೋಡಿಕೊಳ್ಳುವ ಆಸೆಯಿದ್ದರೆ ನೆಡಬಹುದು. ಕಾಡುಮರಗಳನ್ನು ಮಾತ್ರ ಈಗ ರೋಬಸ್ಟಾಗೆ ಬಿಸಿಲು ಬೇಕೆಂದು ಕಡಿಸಿಬಿಡಬೇಡಿ. ರೋಬಸ್ಟಾ ಅರೇಬಿಕಾಗಿಂತ ಹೆಚ್ಚು ಬೆಳಕು ಕೇಳುತ್ತದೆ, ನಿಜ, ಅದಕ್ಕೆ ವರ್ಷ ವರ್ಷ ಮರಗಸಿ ಸಾಕು, ಕೊಂಬೆ ಮತ್ತೆ ಬರುತ್ತದೆ. ಬುಡ ಹೋದರೆ ಹನ್ನೆರಡು ವರ್ಷದ ಮೇಲಿನ ನಿಮ್ಮ ಆಸೆಯೂ ಹೋಯಿತು. ಆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ, ಹೂಮಳೆ ತಪ್ಪಿದ ವರ್ಷದ ಕಂತಿಗೆ ಅದೂ ಸ್ವಲ್ಪ ಆಸರೆ.

— ಹಾಗಾದರೆ ನರ್ಸರಿಯಲ್ಲಿ ಸಿ×ಆರ್ ಸಸಿಗೆ ಮುಂಗಡ ಕೊಟ್ಟುಬಿಡಲೇ? ಹತ್ತು ಅಡಿಗೆ ಹತ್ತು ಅಡಿ ಎಂದರೆ ಎಕರೆಗೆ 435, ಐದು ಎಕರೆಗೆ 2,200 ಹತ್ತಿರ ಬೇಕಾಗುತ್ತದೆ.

— ಮುಂಗಡ ಮೂರೂವರೆ ಎಕರೆಗೆ ಕೊಡಿ, ಸುಮಾರು 1,500 ಸಸಿ. ಉಳಿದ ಒಂದೂವರೆಗೆ ಈಗಲೇ ಬೇಡ. ಫೆಬ್ರವರಿ ಕೊನೆಯ ಭಾನುವಾರ ಬಂದಾಗ ಗುರುತು ಹಾಕಿದ ಬಿದಿರಿನ ಗಳ ಕೆರೆಗೆ ಇಳಿಸಿ, ಕೆಸರು ಬಿಟ್ಟು ಎಷ್ಟು ಅಡಿ ನೀರಿದೆ ನೋಡಿ. ಹೂಳು ತೆಗೆಸುವುದಿದ್ದರೆ ಏಪ್ರಿಲ್ಲಿನಲ್ಲಿ, ನೀರು ತಳಕ್ಕೆ ಹೋದಾಗ. ನೆಡುವುದು ಜೂನ್ ಮಳೆ ಹಿಡಿದ ಮೇಲೆ ತಾನೆ, ಉಳಿದ ಸಸಿಯ ಮಾತು ಕೆರೆ ಕೆಲಸ ಮುಗಿದ ವರ್ಷಕ್ಕೆ ಇರಲಿ.